ಒಂದೇ ಪರ್ಸೆಂಟ್, ಇನ್ನೂರೆಂಬತ್ತಾರು ಕೋಟಿ

ಕಳೆದ ಭಾನುವಾರ ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬ ನಮ್ಮ ಪುಣೆಯ ಮನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದ. ಕೆಲಸ ಬಿಡುತ್ತಿದ್ದಾನೆ. ಕಂಪನಿ ಅವನಿಗೆ 1000 ಷೇರುಗಳ ಇಸಾಪ್ ಕೊಟ್ಟಿತ್ತು. ಈಗ ಷೇರಿಗೆ 1200 ರೂಪಾಯಿ ಕಟ್ಟಿ ಕೊಳ್ಳಬೇಕು, ಇಲ್ಲವೇ ಕೈಬಿಡಬೇಕು. ಕಂಪನಿ ಷೇರುಪೇಟೆಯಲ್ಲಿಲ್ಲ. ಮರ್ಚೆಂಟ್ ಬ್ಯಾಂಕರ್ ವರದಿಯ ಪ್ರಕಾರ ಒಂದು ಷೇರಿನ ಬೆಲೆ 1963 ರೂಪಾಯಿ.

“ಷೇರಿಗೆ ಏಳುನೂರಾ ಅರವತ್ಮೂರು ಲಾಭ. ಬಿಡೋದು ಯಾಕಲೇ?” ಎಂದ.

ನಾನು ವರದಿಯ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಮತ್ತೆ ಕಟ್ಟಿದೆ. ವಿಧಾನ ಡಿಸ್ಕೌಂಟೆಡ್ ಕ್ಯಾಶ್ ಫ್ಲೋ. ಕಂಪನಿ ಮುಂದೆ ಗಳಿಸುವ ನಗದನ್ನು ಅಂದಾಜು ಮಾಡಿ, ಅದು ಇಂದಿಗೆ ಎಷ್ಟಕ್ಕೆ ಸಮ ಎಂದು ನೋಡುವುದು. ಬಡ್ಡಿ ಲೆಕ್ಕವನ್ನೇ ತಿರುವಿ ಹಾಕಿದ ಹಾಗೆ: ಶೇ 11ರ ದರದಲ್ಲಿ, ಮುಂದಿನ ವರ್ಷ ಬರುವ 100 ರೂಪಾಯಿ ಇಂದಿನ 90 ರೂಪಾಯಿಗೆ ಸಮ. ಆ 11ಕ್ಕೆ ಡಿಸ್ಕೌಂಟ್ ದರ ಎನ್ನುತ್ತಾರೆ.

ವರದಿಯ ಊಹೆಗಳು ಸರಳವಾಗಿದ್ದವು. ಮೊದಲ ವರ್ಷ 100 ಕೋಟಿ ನಗದು, ಐದನೇ ವರ್ಷದವರೆಗೆ ಪ್ರತಿವರ್ಷ ಶೇ 10 ಏರಿಕೆ, ಆಮೇಲೆ ಕೊನೆಯಿಲ್ಲದೆ ಶೇ 5. ಸಾಲ ಇಲ್ಲ, ಒಂದು ಕೋಟಿ ಷೇರುಗಳಿವೆ. ಮೊದಲ ಐದು ವರ್ಷಗಳ ನಗದು ಇಂದಿನ ಬೆಲೆಯಲ್ಲಿ 442 ಕೋಟಿ. ಆರನೇ ವರ್ಷದಿಂದಾಚೆಗಿನ ಎಲ್ಲವೂ ಸೇರಿ, ಅಂದರೆ ಟರ್ಮಿನಲ್ ವ್ಯಾಲ್ಯೂ, 1521 ಕೋಟಿ. ಒಟ್ಟು 1963 ಕೋಟಿ.

ಆಮೇಲೆ 11 ಅಳಿಸಿ 12 ಟೈಪ್ ಮಾಡಿದೆ. ಒಟ್ಟು ಮೊತ್ತ 1677 ಕೋಟಿಗೆ ಇಳಿಯಿತು. 286 ಕೋಟಿ ಮಾಯ.

“ಒಂದ ಪರ್ಸೆಂಟಿಗೆ ಇಷ್ಟ ಏರುಪೇರ ಆಗ್ತದೇನು?”

ಎಲ್ಲಿ ಹೋಯಿತು ನೋಡಿ. ಐದು ವರ್ಷಗಳ ಭಾಗ 442ರಿಂದ 431 ಆಯಿತು, ಹನ್ನೊಂದೇ ಕೋಟಿ ವ್ಯತ್ಯಾಸ. ಉಳಿದ ನಷ್ಟವೆಲ್ಲ ಟರ್ಮಿನಲ್ ವ್ಯಾಲ್ಯೂನದು. ಅದನ್ನು ಲೆಕ್ಕ ಹಾಕಲು ಆರನೇ ವರ್ಷದ ನಗದನ್ನು ಡಿಸ್ಕೌಂಟ್ ದರ ಮತ್ತು ಶಾಶ್ವತ ಬೆಳವಣಿಗೆ ದರಗಳ ನಡುವಿನ ಅಂತರದಿಂದ ಭಾಗಿಸುತ್ತಾರೆ. ದರ 11 ಇದ್ದಾಗ ಅಂತರ 6, 12 ಆದಾಗ 7. ನಮ್ಮ ಕಣ್ಣಿಗೆ 11 ಮತ್ತು 12 ಹತ್ತಿರ ಕಾಣುತ್ತವೆ, ಆದರೆ ಭಾಗಾಕಾರ ನಡೆಯುವುದು 6 ಮತ್ತು 7ರಿಂದ. ಅಂತರ ಕಿರಿದಾದಷ್ಟೂ ಏರುಪೇರು ಜೋರು. ಅದೇ ಕಾರಣಕ್ಕೆ 12ರಿಂದ ಒಂದು ಇಳಿಸಿದರೆ ಬೆಲೆ ಶೇ 17 ಏರುತ್ತದೆ, ಒಂದು ಏರಿಸಿದರೆ ಶೇ 13 ಮಾತ್ರ ಇಳಿಯುತ್ತದೆ.

ಹಾಗಾದರೆ 11 ಬಂದದ್ದು ಎಲ್ಲಿಂದ? ವರದಿಯ ಕೊನೆಯಲ್ಲಿತ್ತು. ಸರ್ಕಾರಿ ಬಾಂಡಿನ ಬಡ್ಡಿ 7. ಷೇರುಪೇಟೆಯ ಅಪಾಯ ಹೊರುವುದಕ್ಕೆ ಹೆಚ್ಚುವರಿ 5, ಅದನ್ನು 0.8 ಬೀಟಾದಿಂದ ಗುಣಿಸಿದ್ದಾರೆ. ಏಳಕ್ಕೆ ನಾಲ್ಕು ಸೇರಿ 11. ಬೀಟಾ ಎಂದರೆ ಇಡೀ ಪೇಟೆ ಏರಿಳಿದಾಗ ಈ ಷೇರು ಎಷ್ಟು ಏರಿಳಿಯುತ್ತದೆ ಎಂಬ ಅಳತೆ. ಪೇಟೆಯಲ್ಲೇ ಇಲ್ಲದ ಕಂಪನಿಗೆ ಸ್ವಂತ ಬೀಟಾ ಎಲ್ಲಿಂದ ಬರಬೇಕು? ಅದೇ ವ್ಯವಹಾರದ, ಪೇಟೆಯಲ್ಲಿರುವ ಕಂಪನಿಗಳಿಂದ ಎರವಲು ತರುತ್ತಾರೆ. ಯಾವ ಕಂಪನಿಗಳನ್ನು ಆರಿಸುತ್ತೀರಿ, ಎರಡು ವರ್ಷದ ವಾರದ ಬೆಲೆ ನೋಡುತ್ತೀರೋ ಐದು ವರ್ಷದ ತಿಂಗಳ ಬೆಲೆಯೋ ಎಂಬುದರ ಮೇಲೆ 0.8 ಸುಲಭವಾಗಿ 1 ಆಗಬಹುದು. ಆಗ ದರ 12. ಬೇಕಾದಾಗ ಮಾರಲಾಗದ ಷೇರು ಎಂದು ಇನ್ನೊಂದು ಸೇರಿಸುವವರೂ ಇದ್ದಾರೆ. ಆಗ 13. ಮೂರರಲ್ಲಿ ಯಾವುದನ್ನೂ ಸುಳ್ಳು ಎನ್ನಲಾಗದು.

ಈಗ ಗೆಳೆಯನ ಜೇಬಿಗೆ ಬರೋಣ. ಷೇರು ಕೊಳ್ಳಲು 12 ಲಕ್ಷ. ವರದಿಯ ಬೆಲೆ ಹಿಡಿದರೆ 7.63 ಲಕ್ಷ ‘ಲಾಭ’, ಅದನ್ನು ಸಂಬಳದ ಭಾಗವೆಂದು ಎಣಿಸಿ ಶೇ 30ರಂತೆ, ಸೆಸ್ ಬಿಟ್ಟು, ಸುಮಾರು 2.29 ಲಕ್ಷ ತೆರಿಗೆ. ಸ್ಟಾರ್ಟಪ್‌ಗಳಿಗಿರುವ ತೆರಿಗೆ ಮುಂದೂಡಿಕೆ ಅವನ ಕಂಪನಿಗಿಲ್ಲ, ಒಂದು ಷೇರೂ ಮಾರದೆ ಈಗಲೇ ಕಟ್ಟಬೇಕು. ಅಂದರೆ ಒಂದು ಷೇರಿಗೆ ಕೈಯಿಂದ 1429 ರೂಪಾಯಿ. ದರ 12 ಆದರೆ ಷೇರಿನ ಬೆಲೆ 1677, ಪರವಾಗಿಲ್ಲ. 13 ಆದರೆ 1463, ಉಳಿಯುವುದು 34 ರೂಪಾಯಿ. 14 ಆದರೆ 1296, ನಷ್ಟ. ಬೆಲೆಯನ್ನು ಮೇಲೇರಿಸಿದ ಅದೇ 11 ಅವನ ತೆರಿಗೆಯನ್ನೂ ಏರಿಸಿತ್ತು.

ಇಂಥ ವರದಿ ಕೈಗೆ ಬಂದರೆ ನಾನು ಮೊದಲು ಎರಡು ಸಂಗತಿ ಹುಡುಕುತ್ತೇನೆ. ಟರ್ಮಿನಲ್ ವ್ಯಾಲ್ಯೂ ಒಟ್ಟಿನಲ್ಲಿ ಎಷ್ಟು ಪಾಲು? ಇಲ್ಲಿ ಮುಕ್ಕಾಲಿಗಿಂತ ಹೆಚ್ಚು. ಎರಡು ದರಗಳ ನಡುವೆ ಅಂತರ ಎಷ್ಟು? ಆಮೇಲೆ ಡಿಸ್ಕೌಂಟ್ ದರವನ್ನು ಒಂದೊಂದೇ ಏರಿಸಿ, ನನ್ನ ನಿರ್ಧಾರ ಎಲ್ಲಿ ಮಗುಚುತ್ತದೆ ಎಂದು ನೋಡುತ್ತೇನೆ.

ಗೆಳೆಯ ಬಹಳ ಹೊತ್ತು ಸ್ಕ್ರೀನ್ ನೋಡಿದ. ಕೊನೆಗೆ 300 ಷೇರು ಮಾತ್ರ ಕೊಳ್ಳುವುದೆಂದು ತೀರ್ಮಾನಿಸಿದ. “ಇಷ್ಟು ಮುಳುಗಿದ್ರೂ ಮನೀ ಕಂತು ನಿಲ್ಲಂಗಿಲ್ಲ” ಎಂದ. ವರದಿಯಲ್ಲಿ ಆ ಲೆಕ್ಕ ಇರಲಿಲ್ಲ.