ಬಿಲ್ ಕಟ್ಟುವ ಮೊದಲು ಮೂರು ಅಂಕಿ ನೋಡಿ

ಗೇಮ್ ಆಡುವಾಗ ಲ್ಯಾಪ್‌ಟಾಪ್ ತಡವರಿಸಿದರೆ ನಮ್ಮಲ್ಲಿ ಸಿಗುವ ಮೊದಲ ಸಲಹೆ ‘ರ‍್ಯಾಮ್ ಹಾಕಿಸು’. ಅಂಗಡಿಯವರೂ ಅದನ್ನೇ ಹೇಳುತ್ತಾರೆ, ಹಾಸ್ಟೆಲ್ ಗೆಳೆಯರೂ ಅದನ್ನೇ. ಒಳಗೆ ಏನಾಗುತ್ತಿದೆ ಎಂಬುದನ್ನು ಪರದೆಯ ಮೂಲೆಯಲ್ಲಿ ಪುಕ್ಕಟೆಯಾಗಿ ನೋಡಬಹುದಾಗಿರುವಾಗ, ಊಹೆಯ ಮೇಲೆ ಸಾವಿರಾರು ರೂಪಾಯಿ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ವಿಂಡೋಸ್‌ನಲ್ಲಿ ನಾನು ಬಳಸುವುದು ಎಂಎಸ್‌ಐ ಆಫ್ಟರ್‌ಬರ್ನರ್. ಎಂಎಸ್‌ಐ ಕಂಪನಿಯ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಇದೇ ಹೆಸರಿನಲ್ಲಿ ವೈರಸ್ ಹಂಚುವ ನಕಲಿ ತಾಣಗಳಿವೆ. ಜತೆಗೆ ಬರುವ ರಿವಾಟ್ಯೂನರ್ ಅನ್ನು ಬೇಡವೆನ್ನಬೇಡಿ, ಆಟದ ಮೇಲೆ ಅಂಕಿ ಮೂಡಿಸುವುದು ಅದೇ. ನಂತರ Settings ತೆರೆದು Monitoring ಗೆ ಹೋಗಿ. ಪಟ್ಟಿಯಲ್ಲಿ CPU temperature, CPU clock, RAM usage ಈ ಮೂರನ್ನು ಒಂದೊಂದಾಗಿ ಆರಿಸಿ, ಪ್ರತಿಯೊಂದಕ್ಕೂ ಕೆಳಗಿರುವ Show in On-Screen Display ಗೆ ಟಿಕ್ ಹಾಕಿ, Apply ಒತ್ತಿ. ಅದೇ ಪಟ್ಟಿಯಲ್ಲಿರುವ Memory usage ಬೇರೆ, ಅದು ಗ್ರಾಫಿಕ್ಸ್ ಕಾರ್ಡಿನ ಮೆಮೊರಿ. ಕೆಲವರು ಇಪ್ಪತ್ತು ಸಾಲು ಹಾಕಿಕೊಂಡು ಆಟವೇ ಕಾಣದಂತೆ ಮಾಡುತ್ತಾರೆ. ಶುರುವಿಗೆ ಮೂರು ಸಾಕು.

ನನ್ನ ರೂಮ್‌ಮೇಟ್‌ನ ಲ್ಯಾಪ್‌ಟಾಪ್ ಆಟ ಶುರುವಾಗಿ ಕಾಲು ಗಂಟೆಗೆ ಸರಿಯಾಗಿ ಎಳೆದಾಡುತ್ತಿತ್ತು. 16 ಜಿಬಿ ಸಾಲದು, 32 ಮಾಡಿಸಿ ಎಂದಿದ್ದರು ಅಂಗಡಿಯಲ್ಲಿ. ಅಂಕಿ ಹಾಕಿಕೊಂಡು ಕೂತೆವು. ರ‍್ಯಾಮ್ ಬಳಕೆ ಮೊದಲಿನಿಂದ ಕೊನೆಯವರೆಗೂ 9 ಜಿಬಿ ಆಸುಪಾಸಿನಲ್ಲೇ ಇತ್ತು. ಆದರೆ ತಾಪಮಾನ ಮೆಲ್ಲನೆ ಏರಿ 97 ಡಿಗ್ರಿ ಮುಟ್ಟಿತು. ಮುಟ್ಟಿದ್ದೇ ತಡ, 3900 ಮೆಗಾಹರ್ಟ್ಸ್ ಇದ್ದ ಕ್ಲಾಕ್ 2100ಕ್ಕೆ ಕುಸಿಯಿತು, ಆಟ ತಡವರಿಸಿತು. ಪ್ರೊಸೆಸರ್ ತನ್ನನ್ನು ತಾನು ಸುಡದಂತೆ ಕಾಪಾಡಿಕೊಳ್ಳಲು ವೇಗ ಇಳಿಸುತ್ತಿತ್ತು. ಅದಕ್ಕೆ ರ‍್ಯಾಮ್ ಏನು ಮಾಡೀತು? ಫ್ಯಾನಿನ ಧೂಳು ತೆಗೆಸಿ, ಒಣಗಿದ್ದ ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆ ಅದೇ ಆಟದಲ್ಲಿ ತಾಪಮಾನ 85 ದಾಟಲಿಲ್ಲ, ಕ್ಲಾಕ್ 3500ರ ಕೆಳಗೆ ಬರಲಿಲ್ಲ. ಖರ್ಚು, ಒಂದು ರ‍್ಯಾಮ್ ಸ್ಟಿಕ್ಕಿನ ಬೆಲೆಯ ಮುಂದೆ ಏನೂ ಅಲ್ಲ.

ಒಂದೇ ಅಂಕಿ ನೋಡಿ ತೀರ್ಮಾನಿಸಬೇಡಿ. ಲ್ಯಾಪ್‌ಟಾಪಿನಲ್ಲಿ 90 ಡಿಗ್ರಿ ಕಂಡರೂ ಕ್ಲಾಕ್ ನಿಂತಿದ್ದರೆ ಗಾಬರಿ ಬೇಕಿಲ್ಲ. ತಾಪಮಾನ ಕಡಿಮೆಯಿದ್ದೂ ಕ್ಲಾಕ್ ಬಿದ್ದಿದ್ದರೆ ಚಾರ್ಜರ್ ಸಿಕ್ಕಿಸಿದೆಯೇ, ಬ್ಯಾಟರಿ ಉಳಿಸುವ ಮೋಡ್ ಆನ್ ಆಗಿದೆಯೇ ನೋಡಿ. ಆಟದ ಮೆನುವಿನಲ್ಲಿ ನಿಂತಾಗಿನ ಅಂಕಿಗೆ ಬೆಲೆಯಿಲ್ಲ, ಅಲ್ಲಿ ಕೆಲಸವೇ ಇರುವುದಿಲ್ಲ; ಕನಿಷ್ಠ ಅರ್ಧ ಗಂಟೆ ಆಡಿ ನೋಡಬೇಕು.

ಅಂದಹಾಗೆ, ನಿಮ್ಮದು 8 ಜಿಬಿ ಯಂತ್ರವಾಗಿದ್ದು, ಬ್ರೌಸರ್ ಮುಚ್ಚಿದ ಮೇಲೂ RAM usage 7.5 ಜಿಬಿ ತೋರಿಸುತ್ತಾ, ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಾ ಆಟ ನಿಂತು ನಿಂತು ಹೋಗುತ್ತಿದೆಯೇ? ಹಾಗಿದ್ದರೆ ಅಂಗಡಿಯವರು ಹೇಳಿದ್ದೇ ಸರಿ, ಹಾಕಿಸಿಬಿಡಿ.