ಪಾಸೋ, ಪೆಟ್ರೋಲೋ? ಮೂರು ಗೆರೆಗಳ ಲೆಕ್ಕ

ಪೆಟ್ರೋಲಿನ ಬೆಲೆ ಏರಿದಾಗಲೆಲ್ಲ ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರಕ್ಕೆ ನಿತ್ಯವೂ ಕೆಲಸಕ್ಕೆ ಬರುವವರಲ್ಲಿ ಒಂದೇ ಚರ್ಚೆ ಏಳುತ್ತದೆ: ಸ್ವಂತ ಗಾಡಿ ಬಿಟ್ಟು ಬಸ್ಸಿನ ಪಾಸು ಮಾಡಿಸುವುದು ಮೇಲೇ? ಬಹುಮಂದಿ ಪೆಟ್ರೋಲಿನ ಖರ್ಚನ್ನೂ ಪಾಸಿನ ಬೆಲೆಯನ್ನೂ ಎದುರುಬದುರಿಟ್ಟು ತೀರ್ಮಾನಕ್ಕೆ ಬರುತ್ತಾರೆ. ಈ ತೂಗುವಿಕೆಯೇ ತಪ್ಪೆಂಬುದು ನನ್ನ ಅಭಿಪ್ರಾಯ.

ಒಂದು ಹಾಳೆಯ ಮೇಲೆ ಅಡ್ಡಲಾಗಿ ತಿಂಗಳ ಪ್ರಯಾಣಗಳನ್ನೂ ನೆಟ್ಟಗೆ ಖರ್ಚನ್ನೂ ಗುರುತಿಸೋಣ. ಬಸ್ಸಿನ ಮಾಸಿಕ ಪಾಸು ಮಲಗಿದ ಗೆರೆ. ಎಷ್ಟು ಸಲ ಹತ್ತಿದರೂ ಖರ್ಚು ಅಷ್ಟೇ. ಎರಡನೆಯದು ಸೊನ್ನೆಯಿಂದ ಹೊರಟು ಏರುತ್ತ ಹೋಗುವ ಗೆರೆ. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೆಟ್ರೋ ರೈಲಿನ ಸ್ಮಾರ್ಟ್ ಕಾರ್ಡು ಈ ಜಾತಿಯದು. ಅದನ್ನು ಜನ ಪಾಸೆಂದು ಕರೆದರೂ ಅದು ಪ್ರತಿ ಪ್ರಯಾಣಕ್ಕೆ ಕೊಂಚ ರಿಯಾಯಿತಿ ಕೊಡುವುದೇ ಹೊರತು ಹತ್ತದ ದಿನ ಹಣ ಕೇಳುವುದಿಲ್ಲ. ವಿಜಯಪುರದಲ್ಲಿ ಮೆಟ್ರೋ ಇಲ್ಲ; ಇಲ್ಲಿ ಆ ಗೆರೆಯ ಸ್ಥಾನದಲ್ಲಿರುವುದು ಬಸ್ಸಿನ ಬಿಡಿ ಟಿಕೇಟು. ಮೂರನೆಯದು ಸ್ವಂತ ಗಾಡಿ. ಈ ಗೆರೆ ಸೊನ್ನೆಯಿಂದ ಹೊರಡದೆ ಮೇಲಿನಿಂದಲೇ ಹೊರಟು, ಅಲ್ಲಿಂದಲೂ ಏರುತ್ತದೆ. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿದ್ದರೂ ಖರ್ಚು ತಪ್ಪದೆಂದು ಇದರ ಅರ್ಥ.

ಉದಾಹರಣೆಯಾಗಿ, ತಿಕೋಟಾದಿಂದ ಸುಮಾರು 20 ಕಿಲೋಮೀಟರ್ ಬಂದು, ವಿಜಯಪುರದ ಅಂಗಡಿಯೊಂದರಲ್ಲಿ ತಿಂಗಳಿಗೆ 25 ದಿನ ದುಡಿಯುವವನನ್ನು ತೆಗೆದುಕೊಳ್ಳೋಣ. ಹೋಗಿಬರಲು ತಿಂಗಳಿಗೆ 1000 ಕಿಲೋಮೀಟರ್. ಲೀಟರಿಗೆ 50 ಕಿಲೋಮೀಟರ್ ಓಡುವ ಗಾಡಿಗೆ 20 ಲೀಟರ್ ಬೇಕು. ಲೆಕ್ಕದ ಸೌಕರ್ಯಕ್ಕಾಗಿ ಲೀಟರಿಗೆ 100 ರೂಪಾಯಿ ಹಿಡಿದರೆ 2000 ರೂಪಾಯಿ. ಎಣ್ಣೆ, ಟಯರು, ಚೈನುಗಳಿಗೆ 400 ಸೇರಿಸಿದರೆ ಓಡಾಟದ ಖರ್ಚು 2400. ಇನ್ನು 90,000ಕ್ಕೆ ಕೊಂಡ ಗಾಡಿಯನ್ನು ಎಂಟು ವರ್ಷದ ಬಳಿಕ 18,000ಕ್ಕೆ ಮಾರಿದರೆ ಸವಕಳಿ ತಿಂಗಳಿಗೆ 750. ವಿಮೆಗೆ 150 ಎನ್ನೋಣ. ಈ 900 ನಿಂತ ಖರ್ಚು. ಒಟ್ಟು 3300.

ಬಸ್ಸಿನ ಟಿಕೇಟು 30 ರೂಪಾಯಿ, ಪಾಸು 1200 ರೂಪಾಯಿ ಎಂದು ಊಹಿಸೋಣ. ವಾಚಕರು ತಮ್ಮ ಊರಿನ ನಿಜವಾದ ದರವನ್ನು ಇಲ್ಲಿ ಹಾಕಿಕೊಳ್ಳಬೇಕು. ಪಾಸಿನ ಬೆಲೆಯನ್ನು ಟಿಕೇಟಿನ ಬೆಲೆಯಿಂದ ಭಾಗಿಸಿದರೆ 40 ಬರುತ್ತದೆ. ತಿಂಗಳಿಗೆ 40 ಪ್ರಯಾಣ ಮೀರಿದರೆ ಮಾತ್ರ ಪಾಸು ಲಾಭ. ನಮ್ಮವನದು 50, ಆದ್ದರಿಂದ ಪಾಸು ಸರಿ. ಬಸ್ ನಿಲ್ದಾಣದಿಂದ ಅಂಗಡಿ ಮುಟ್ಟಲು ದಿನಕ್ಕೆ 20 ರೂಪಾಯಿ ಸೇರಿಸಿದರೂ ಒಟ್ಟು 1700. ಆದರೆ ದ್ರಾಕ್ಷಿ ತೋಟವಿರುವ ಮನೆಯವನು ಏಪ್ರಿಲ್ ಅಥವಾ ಅಕ್ಟೋಬರಿನ ಚಾಟನಿಯ ಕಾಲದಲ್ಲಿ ಹತ್ತು ದಿನ ತೋಟದಲ್ಲೇ ಉಳಿದರೆ ಪ್ರಯಾಣ 30ಕ್ಕೆ ಇಳಿಯುತ್ತದೆ. ಆ ತಿಂಗಳು ಬಿಡಿ ಟಿಕೇಟಿಗೆ 900 ಸಾಕು, ಪಾಸು ನಷ್ಟ.

ಈಗ ಮುಖ್ಯ ಮಾತು. ಗಾಡಿ ಈಗಾಗಲೇ ಮನೆಯಲ್ಲಿದ್ದು, ಅದನ್ನು ಮಾರುವ ಯೋಚನೆ ಇಲ್ಲವಾದರೆ, ಬಸ್ಸು ಹತ್ತುವುದರಿಂದ ಉಳಿಯುವುದು 3300 ಅಲ್ಲ. 2400ರಿಂದ 1700 ಕಳೆದ 700 ಮಾತ್ರ. ಇನ್ನೂ ಕೊಳ್ಳದವನಿಗೆ ಉಳಿತಾಯ 1600. ಅಂದರೆ ಪಾಸು ಹೆಚ್ಚು ಉಪಕಾರ ಮಾಡುವುದು ಗಾಡಿ ಕೊಳ್ಳುವ ಮೊದಲು, ಕೊಂಡ ಮೇಲಲ್ಲ. ಪೆಟ್ರೋಲು ಲೀಟರಿಗೆ 10 ರೂಪಾಯಿ ಏರಿದರೂ ಈ ಲೆಕ್ಕದಲ್ಲಿ ಹೆಚ್ಚುವುದು 200 ಮಾತ್ರ.

ಜೊತೆಗೊಬ್ಬನಿದ್ದರೆ ಲೆಕ್ಕ ತಿರುಗುತ್ತದೆ. ಇರುವ ಗಾಡಿಯ ಓಡಾಟದ ಖರ್ಚು ದಿನಕ್ಕೆ 96. ಇಬ್ಬರು ಹಂಚಿಕೊಂಡರೆ ತಲೆಗೆ 48. ಪಾಸಿನವನಿಗೆ ಊರೊಳಗಿನ ಓಡಾಟ ಸೇರಿ ದಿನಕ್ಕೆ 68. ಇನ್ನು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೇಟಿನ ಹಣವಿಲ್ಲ. ಹಾಗಿರುವಾಗ ಮನೆಗೆ ಎರಡನೆಯ ಗಾಡಿ ತರುವ ಮುನ್ನ ಅದು ಯಾರ ಪ್ರಯಾಣಕ್ಕೆಂದು ಕೇಳಿಕೊಳ್ಳಬೇಕು.

ಲೆಕ್ಕ ಕೆಡುವುದು ಹೆಚ್ಚಾಗಿ ಒಂದೇ ಅಂಕಿಯಲ್ಲಿ: ಗಾಡಿಯ ಮೈಲೇಜು. ಮಾರುವವನು ಹೇಳಿದ ಸಂಖ್ಯೆಯನ್ನು ನಂಬಬೇಕಾಗಿಲ್ಲ. ಟ್ಯಾಂಕನ್ನು ತುಂಬಿಸಿ ಮೀಟರನ್ನು ಬರೆದಿಡಿರಿ. ನಾಲ್ಕೈದು ದಿನ ಓಡಿಸಿ, ಅದೇ ಮಟ್ಟಕ್ಕೆ ಮತ್ತೆ ತುಂಬಿಸಿರಿ. ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿದರೆ ನಿಜ ತಿಳಿಯುತ್ತದೆ. 50ರ ಬದಲು 40 ಬಂದರೆ ಪೆಟ್ರೋಲಿನ ಖರ್ಚು 2500 ಆಗುತ್ತದೆ. ಇದು ಬೆಲೆ 25 ರೂಪಾಯಿ ಏರಿದುದಕ್ಕೆ ಸಮ. ಟಯರಿನಲ್ಲಿ ಗಾಳಿ ಕಡಿಮೆಯಿದೆಯೇ, ಬ್ರೇಕು ಹಿಡಿದುಕೊಂಡಿದೆಯೇ, ವೇಗ ಅತಿಯಾಯಿತೇ ಎಂದು ನೋಡಬೇಕು. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುವುದರಿಂದ, 45ರಿಂದ 65ಕ್ಕೆ ವೇಗ ಏರಿಸಿದರೆ ಆ ತಡೆ ಎರಡು ಪಟ್ಟು ಮೀರುತ್ತದೆ.

ಕೊನೆಯ ಬಸ್ಸು ಹೊರಟ ಮೇಲೆ ಕೆಲಸ ಮುಗಿಯುವವನಿಗೆ ಈ ಯಾವ ಲೆಕ್ಕವೂ ಅನ್ವಯಿಸದು. ಅವನಿಗೆ ಗಾಡಿಯೇ ಗತಿ. ಉಳಿದವರು ಬಂಕಿನ ಫಲಕದ ದರಕ್ಕೆ ಬೆದರುವ ಮೊದಲು ತಮ್ಮ ತಿಂಗಳ ಪ್ರಯಾಣಗಳನ್ನು ಎಣಿಸಿಕೊಳ್ಳಲಿ.