ಹದಿನಾಲ್ಕರ ಲೆಕ್ಕ ತಪ್ಪಿಲ್ಲ

ಸ್ಫಟಿಕ ವ್ಯವಸ್ಥೆಗಳು 7, ಬ್ರಾವೆ ಜಾಲಕಗಳು 14. ಮೊದಲ ವರ್ಷದ ತರಗತಿಯಲ್ಲಿ ಈ ಪಟ್ಟಿ ಬಂದಾಗ ಏಳುವ ಆಕ್ಷೇಪಗಳು ಮುಖ್ಯವಾಗಿ ಮೂರು. ಅವಕ್ಕೆ ಉತ್ತರ ಸಿಗದ ವಿದ್ಯಾರ್ಥಿ ಪಟ್ಟಿಯನ್ನು ಉರುಹೊಡೆದು ಮುಂದೆ ಹೋಗುತ್ತಾನೆ. ಹಾಗಾಗಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯ ಆಕ್ಷೇಪ ಗುಣಾಕಾರದ್ದು. ಬಿಂದುಗಳನ್ನು ಪೆಟ್ಟಿಗೆಯ ಮೂಲೆಗಳಲ್ಲಷ್ಟೇ ಇಡಬಹುದು. ಅದು ಸರಳ ಜಾಲಕ. ಪೆಟ್ಟಿಗೆಯ ನಟ್ಟನಡುವೆ ಇನ್ನೊಂದು ಬಿಂದು ಇಟ್ಟರೆ ಕಾಯಕೇಂದ್ರಿತ, ಆರೂ ಮುಖಗಳ ನಡುವೆ ಇಟ್ಟರೆ ಮುಖಕೇಂದ್ರಿತ, ಎದುರುಬದುರಿನ ಒಂದೇ ಜೋಡಿ ಮುಖಗಳ ನಡುವೆ ಇಟ್ಟರೆ ತಳಕೇಂದ್ರಿತ. ಏಳು ನಾಲ್ಕಲಿ ಇಪ್ಪತ್ತೆಂಟು ಆಗಬೇಕಲ್ಲ, ಅರ್ಧವನ್ನು ಅನುಕೂಲಕ್ಕೆಂದು ಕೈಬಿಟ್ಟಿದ್ದಾರೆ ಎಂಬುದು ವಾದ.

ಯಾವುದನ್ನೂ ಕೈಬಿಟ್ಟಿಲ್ಲ. ರಂಗೋಲಿಗೆ ಇಡುವ ಹಾಗೆ ಚೌಕಾಕಾರದಲ್ಲಿ ಚುಕ್ಕಿ ಇಡಿ. ಈಗ ಪ್ರತಿ ಚೌಕದ ನಡುವೆಯೂ ಒಂದು ಚುಕ್ಕಿ ಸೇರಿಸಿ, ತಲೆಯನ್ನು 45 ಡಿಗ್ರಿ ವಾಲಿಸಿ ನೋಡಿ. ಕಾಣುವುದು ಮತ್ತೆ ಬರೀ ಚೌಕಗಳ ಸಾಲೇ, ಅಳತೆ ಮಾತ್ರ ಚಿಕ್ಕದು. ಹೊಸ ವಿನ್ಯಾಸ ಹುಟ್ಟಲೇ ಇಲ್ಲ. ತಳ ಚೌಕವಾಗಿರುವ ಟೆಟ್ರಾಗೋನಲ್ ವ್ಯವಸ್ಥೆಯಲ್ಲಿ ತಳಕೇಂದ್ರಿತ ಜಾಲಕ ಸರಳ ಜಾಲಕವೇ ಆಗಿಬಿಡುವುದು ಹೀಗೆ.

ಮುಖಕೇಂದ್ರಿತ ಟೆಟ್ರಾಗೋನಲ್ಲನ್ನು ಅಂಕಿಯಿಟ್ಟೇ ನೋಡೋಣ. ತಳದ ಬದಿ 4, ಎತ್ತರ 6 ಎನ್ನಿ. ಮೂಲೆಯಿಂದ ತಳದ ನಡುಬಿಂದುವಿಗೆ ಗೆರೆ ಎಳೆದರೆ ಉದ್ದ 2.83. ಅದನ್ನೇ ಬದಿಯಾಗಿಸಿ ಹೊಸ ಚೌಕ ಮಾಡಿ, ಎತ್ತರ 6ನ್ನೇ ಉಳಿಸಿಕೊಳ್ಳಿ. ಹಳೆಯ ಪಕ್ಕದ ಮುಖದ ನಡುವೆ, 3ರ ಎತ್ತರದಲ್ಲಿದ್ದ ಬಿಂದು ಈಗ ಹೊಸ ಪೆಟ್ಟಿಗೆಯ ನಟ್ಟನಡುವೆ ಬಂದು ಕೂರುತ್ತದೆ. ಅಂದರೆ ಇದು ಕಾಯಕೇಂದ್ರಿತ! ತಾಳೆ ನೋಡಬೇಕೆ? ಹಳೆಯ ಘನಫಲ 96, ಬಿಂದುಗಳು 4. ಹೊಸದರಲ್ಲಿ 48, ಬಿಂದುಗಳು 2. ಒಂದು ಬಿಂದುವಿನ ಪಾಲಿಗೆ ಎರಡರಲ್ಲೂ 24.

ಹಾಗಾದರೆ ಆರ್ಥೊರಾಂಬಿಕ್‌ನಲ್ಲಿ ಮಾತ್ರ ನಾಲ್ಕೂ ಬಗೆ ಏಕೆ ಉಳಿದವು? ಅಲ್ಲಿ ತಳ ಚೌಕವಲ್ಲ, ಆಯತ. ಬದಿಗಳು 4 ಮತ್ತು 5 ಇದ್ದಾಗ ಕರ್ಣಗಳು ಲಂಬವಾಗಿ ಕತ್ತರಿಸುವುದಿಲ್ಲ. ಅವುಗಳ ನಡುವಿನ ದೊಡ್ಡ ಕೋನ ಸುಮಾರು 103 ಡಿಗ್ರಿ. ಓರೆ ಗೆರೆಗಳಿಂದ ಲಂಬಕೋನದ ಪೆಟ್ಟಿಗೆ ಕಟ್ಟಲಾಗದು. ಆದ್ದರಿಂದ ಒಂದು ಇನ್ನೊಂದರಲ್ಲಿ ಕರಗುವುದಿಲ್ಲ.

ಇನ್ನು ತಳಕೇಂದ್ರಿತ ಕ್ಯೂಬಿಕ್. ಘನದ ನಾಲ್ಕು ಕಾಯಕರ್ಣಗಳ ಸುತ್ತ 120 ಡಿಗ್ರಿ ತಿರುಗಿಸಿದಾಗ ಜಾಲಕ ಮೊದಲಿನಂತೆಯೇ ಕಾಣಬೇಕು, ಕ್ಯೂಬಿಕ್ ಎನ್ನಲು ಅದೇ ಅರ್ಹತೆ. ಒಂದೇ ಜೋಡಿ ಮುಖಕ್ಕೆ ಬಿಂದು ಇಟ್ಟರೆ ತಿರುಗಿಸಿದ ಕೂಡಲೇ ಆ ಬಿಂದು ಬೇರೆ ಮುಖಕ್ಕೆ ಹೋಗುತ್ತದೆ, ಸಮಮಿತಿ ಮುರಿಯುತ್ತದೆ. ಆ ಜಾಲಕ ಸರಳ ಟೆಟ್ರಾಗೋನಲ್ ಆಗಿ ಪಟ್ಟಿಯಲ್ಲಿ ಆಗಲೇ ಇದೆ.

ಎರಡನೆಯ ಆಕ್ಷೇಪ ತಿರುಗುಬಾಣದಂತಿದೆ: ಯಾವ ಜಾಲಕವನ್ನಾದರೂ ಒಂದೇ ಬಿಂದುವಿನ ಪಾಲಿರುವ ಪೆಟ್ಟಿಗೆಯಿಂದ ತುಂಬಬಹುದು, ಹಾಗಿದ್ದ ಮೇಲೆ ಏಳೇ ಸಾಕಲ್ಲವೆ? ತುಂಬಬಹುದು, ನಿಜ. ತಾಮ್ರದ ಮುಖಕೇಂದ್ರಿತ ಜಾಲಕಕ್ಕೆ ಅಂಥ ಪೆಟ್ಟಿಗೆ 60 ಡಿಗ್ರಿ ಕೋನದ ರಾಂಬೊಹೆಡ್ರನ್. ಆದರೆ ಸಮಮಿತಿ ಇರುವುದು ಬಿಂದುಗಳ ಇಡೀ ಹರವಿನಲ್ಲಿ, ನಾವು ಗೆರೆ ಎಳೆದ ಪೆಟ್ಟಿಗೆಯಲ್ಲಲ್ಲ. ಆ ಕೋನ 59 ಆದರೆ ನಾಲ್ಕು ಮೂರ್ಮಡಿ ಅಕ್ಷಗಳಲ್ಲಿ ಒಂದೇ ಉಳಿಯುತ್ತದೆ. 60ರಲ್ಲಿ ಮಾತ್ರ ಅದು ಮುಖಕೇಂದ್ರಿತ ಕ್ಯೂಬಿಕ್.

ಕ್ಯೂಬಿಕ್‌ನ ಮೂರೂ ಒಂದೇ ಎನ್ನುವಂತಿಲ್ಲ. ಪೊಲೋನಿಯಂನ ಸರಳ ಜಾಲಕದಲ್ಲಿ ಒಂದು ಬಿಂದುವಿಗೆ ಹತ್ತಿರದ ನೆರೆಯವರು 6, ಕೋಣೆಯ ತಾಪದ ಕಬ್ಬಿಣದಲ್ಲಿ 8, ತಾಮ್ರದಲ್ಲಿ 12. ಕಬ್ಬಿಣದ ಕಾಯಕೇಂದ್ರಿತ ಜಾಲಕವನ್ನು ಒಂದೇ ದಿಕ್ಕಿಗೆ ಎಳೆಯುತ್ತ ಹೋದರೆ, ಎತ್ತರ ಬದಿಯ 1.414 ಪಟ್ಟಾದಾಗ ಅದು ಮುಖಕೇಂದ್ರಿತ ಕ್ಯೂಬಿಕ್ ಆಗುವುದು ನಿಜ. ಆದರೆ ದಾರಿಯುದ್ದಕ್ಕೂ ಅದು ಟೆಟ್ರಾಗೋನಲ್. ಸಮಮಿತಿ ಕೆಡದೆ ಒಂದರಿಂದ ಇನ್ನೊಂದಕ್ಕೆ ದಾಟಲಾಗದ ಜಾಲಕಗಳನ್ನೇ ನಾವು ಬೇರೆ ಬೇರೆ ಎಂದು ಎಣಿಸುವುದು.

ಮೂರನೆಯವರು ಸೀಸಿಯಂ ಕ್ಲೋರೈಡನ್ನು ತೋರಿಸಿ ಕಾಯಕೇಂದ್ರಿತ ಎನ್ನುತ್ತಾರೆ, ವಜ್ರವನ್ನು ಹದಿನೈದನೆಯ ಜಾಲಕ ಎನ್ನುತ್ತಾರೆ. ಸೀಸಿಯಂ ಮೇಲೆ ನಿಂತರೆ ಸುತ್ತ ಕಾಣುವುದು ಕ್ಲೋರಿನ್, ಕ್ಲೋರಿನ್ ಮೇಲೆ ನಿಂತರೆ ಸೀಸಿಯಂ. ನೋಟ ಬದಲಾಯಿತೆಂದರೆ ಅವೆರಡೂ ಒಂದೇ ಜಾಲಕದ ಬಿಂದುಗಳಲ್ಲ. ಜಾಲಕ ಸರಳ ಕ್ಯೂಬಿಕ್, ಪ್ರತಿ ಬಿಂದುವಿಗೂ ಎರಡು ಅಯಾನುಗಳ ಜೋಡಿ. ವಜ್ರವೂ ಹಾಗೆಯೇ: ಮುಖಕೇಂದ್ರಿತ ಜಾಲಕ, ಬಿಂದುವಿಗೆ ಎರಡು ಇಂಗಾಲ.

ಇದೆಲ್ಲ ಬರಿಯ ಒಪ್ಪಂದ ಎನ್ನುವವರಿಗೆ ಒಂದು ಮಾತು. 1842ರಲ್ಲಿ ಫ್ರಾಂಕೆನ್‌ಹೈಮ್ 15 ಎಂದು ಎಣಿಸಿದ್ದರು. ಅವರ ಪಟ್ಟಿಯಲ್ಲಿ ಎರಡು ಒಂದೇ ಎಂದು 1848ರಲ್ಲಿ ತೋರಿಸಿದವರು ಆಗಸ್ಟ್ ಬ್ರಾವೆ. ಒಪ್ಪಂದವೇ ಆಗಿದ್ದರೆ ಅದರಲ್ಲಿ ತಪ್ಪು ಹಿಡಿಯಲು ಆಗುತ್ತಿತ್ತೆ?